ಕ್ಯಾನ್ಸಲ್ ಫೀ ವಾಪಸ್ ಕೇಳಿದ್ದು: ಬಟನ್, ಬರಹ, 1915

ಬೆಂಗಳೂರಿನಲ್ಲಿ ಎರಡು ತಿಂಗಳೊಳಗೆ ಕ್ಯಾಬ್ ಆ್ಯಪ್‌ಗಳು ಮೂರು ಸಲ ನನ್ನಿಂದ ತಪ್ಪು ದುಡ್ಡು ಹಿಡಿದವು. ಮೂರು ಸಲವೂ ಬೇರೆ ಬೇರೆ ದಾರಿಯಲ್ಲಿ ವಾಪಸ್ ಕೇಳಿದೆ.

ಮೊದಲನೆಯದು ಜಯನಗರದಲ್ಲಿ. ಡ್ರೈವರ್ ಫೋನ್ ಮಾಡಿ, "ಕ್ಯಾಶಾ, ಆನ್‌ಲೈನಾ?" ಅಂದರು. ಆನ್‌ಲೈನ್ ಅಂದೆ. "ಹಾಗಾದ್ರೆ ನೀವೇ ಕ್ಯಾನ್ಸಲ್ ಮಾಡ್ಬಿಡಿ ಸರ್." ಅವಸರದಲ್ಲಿ ಪಟ್ಟಿಯ ಮೊದಲ ಕಾರಣ ಒತ್ತಿದೆ: ನನ್ನ ಪ್ಲಾನ್ ಬದಲಾಯಿತು. 50 ರೂಪಾಯಿ ಬಿತ್ತು. ಆಮೇಲೆ ಹೆಲ್ಪ್‌ನಲ್ಲಿ ಫೀ ವಾಪಸ್ ಕೇಳಲು ಇದ್ದ ರೆಡಿ ಬಟನ್ ಒತ್ತಿದರೆ ಒಂದೇ ನಿಮಿಷದಲ್ಲಿ ಉತ್ತರ: ಫೀ ಸರಿಯಾಗಿದೆ. ಪ್ಲಾನ್ ಬದಲಾಯಿತು ಅಂತ ನಾನೇ ಹೇಳಿದ್ದೆ, ಅಲ್ವಾ?

ಮುಂದಿನ ವಾರ ಇನ್ನೊಂದು ಆ್ಯಪ್‌ನಲ್ಲಿ ಅದೇ ಕತೆ. ಈ ಸಲ ತಕ್ಷಣ ಕ್ಯಾನ್ಸಲ್ ಮಾಡಲಿಲ್ಲ. 8:42ಕ್ಕೆ ಮ್ಯಾಪ್‌ನ ಸ್ಕ್ರೀನ್‌ಶಾಟ್ ತೆಗೆದೆ, 8:51ಕ್ಕೆ ಇನ್ನೊಂದು. ಕಾರು ಅದೇ ತಿರುವಿನಲ್ಲಿ ನಿಂತಿತ್ತು. ಕಾರಣ ಕೇಳಿದಾಗ 'ಡ್ರೈವರ್ ಕ್ಯಾನ್ಸಲ್ ಮಾಡಲು ಹೇಳಿದರು' ಅಂತ ಆರಿಸಿದೆ. ಆದರೂ ಮುಂದಿನ ಟ್ರಿಪ್‌ನ ಬಿಲ್‌ಗೆ 60 ರೂಪಾಯಿ ಬಾಕಿ ಅಂತ ಸೇರಿಕೊಂಡಿತು. ಬಿಲ್‌ನ ಮೊತ್ತ ಮಾತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಬಟನ್ ಬಿಟ್ಟು ಬರೆದೇ ಕಳಿಸಿದೆ:

"ಟ್ರಿಪ್ ಐಡಿ ಇದು. 8:40ಕ್ಕೆ ಬುಕ್ ಮಾಡಿದೆ. 8:42ರಿಂದ 8:51ರವರೆಗೆ ಕಾರು ಕದಲಲಿಲ್ಲ. 8:44ಕ್ಕೆ ಡ್ರೈವರ್ ಕರೆ ಮಾಡಿ ಕ್ಯಾನ್ಸಲ್ ಮಾಡಲು ಹೇಳಿದರು. ಎರಡು ಸ್ಕ್ರೀನ್‌ಶಾಟ್, ಕಾಲ್ ಲಾಗ್ ಲಗತ್ತಿಸಿದ್ದೇನೆ. 60 ರೂಪಾಯಿಯನ್ನು ನಾನು ಕಟ್ಟಿದ ಯುಪಿಐ ಖಾತೆಗೇ ವಾಪಸ್ ಹಾಕಿ."

ಕೊನೆಯ ಸಾಲು ಬಿಡಬೇಡಿ. ಇಲ್ಲದಿದ್ದರೆ ದುಡ್ಡು ಆ್ಯಪ್‌ನ ವಾಲೆಟ್‌ಗೆ ಹೋಗಿ ಕೂರಬಹುದು. ಮೊದಲು ಅದೇ ಸಿದ್ಧ ಉತ್ತರ ಬಂತು. ಹೊಸ ದೂರು ಹಾಕದೆ ಅದೇ ಟಿಕೆಟ್‌ಗೆ "ಸಮಯಗಳನ್ನು ನೋಡಿ" ಅಂತ ಮರು ಬರೆದೆ. ಮರುದಿನ ದುಡ್ಡು ಬಂತು.

ಮೂರನೆಯದು ವಿಮಾನ ನಿಲ್ದಾಣದಿಂದ. ಕಾರು ಬಾಗಲೂರು, ಹೆಣ್ಣೂರು ದಾರಿಯಲ್ಲಿ ಬಂತು, ಸಾದಹಳ್ಳಿ ಟೋಲ್ ದಾಟಲೇ ಇಲ್ಲ. ಬಿಲ್‌ನಲ್ಲಿ ಮಾತ್ರ ಟೋಲ್ ಇತ್ತು. ಇನ್‌ವಾಯ್ಸ್‌ನಲ್ಲಿದ್ದ ಮ್ಯಾಪನ್ನೇ ಸಾಕ್ಷಿಯಾಗಿ ಕೊಟ್ಟರೂ ಕಂಪನಿ ಒಪ್ಪಲಿಲ್ಲ. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ದುಡ್ಡು ಕೊಡಿ ಅಂತ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅದಕ್ಕೆ ಗ್ರಾಹಕ ಆಯೋಗಕ್ಕೇ ಹೋಗಬೇಕು. ಕಂಪನಿಯ ಟಿಕೆಟ್ ನಂಬರ್, ಅವರು ನಿರಾಕರಿಸಿದ ಮೆಸೇಜ್ ಕೈಯಲ್ಲಿದ್ದುದರಿಂದ ಕೆಲಸ ಸಲೀಸಾಯಿತು. 11 ದಿನ ಹಿಡಿಯಿತು, ಟೋಲ್ ದುಡ್ಡು ಬಂತು.

ಸಣ್ಣ ಮೊತ್ತಕ್ಕೆ ನಾನು ಎರಡನೇ ದಾರಿಯನ್ನೇ ಹಿಡಿಯುತ್ತೇನೆ. 1915 ಇರುವುದು ಕಂಪನಿ 'ಇಲ್ಲ' ಅಂದ ಮೇಲೆ. ಜಯನಗರದ ಆ 50 ರೂಪಾಯಿ ಮಾತ್ರ ಇವತ್ತಿಗೂ ಬಂದಿಲ್ಲ.