47 ಕೆಜಿಯವಳಿಗೂ 98 ಕೆಜಿಯವರಿಗೂ ಒಂದೇ ಅಳತೆಯ ಕ್ರಿಯೇಟಿನ್: ದಯವಿಟ್ಟು ಹೀಗೆ ಮಾಡಬೇಡಿ

ನಾನು 47 ಕೆಜಿ. ನನ್ನ ಗಂಡ 98 ಕೆಜಿ, ಅಗಲವಾದ ಮೈಕಟ್ಟು, ವರ್ಷಗಳಿಂದ ಭಾರ ಎತ್ತಿ ಬೆಳೆಸಿದ ಸ್ನಾಯು. ಸ್ನಾಯುವಿನ ಬಲಕ್ಕೆ ವ್ಯಾಯಾಮ ಮಾಡುವವರು ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿಯನ್ನು ಇಬ್ಬರೂ ಒಟ್ಟಿಗೆ ಶುರು ಮಾಡಿದಾಗ ನಮ್ಮ ಟ್ರೈನರ್ ಇಬ್ಬರಿಗೂ ಒಂದೇ ಲೆಕ್ಕ ಕೊಟ್ಟರು. ಮೊದಲ ವಾರ ಲೋಡಿಂಗ್, ಅಂದರೆ ಸ್ನಾಯುವಿನ ಸಂಗ್ರಹ ಬೇಗ ತುಂಬಲೆಂದು ದೊಡ್ಡ ಡೋಸ್: ದಿನಕ್ಕೆ 20 ಗ್ರಾಂ, ಬೆಳಿಗ್ಗೆ ಎರಡು ಸ್ಕೂಪ್, ಸಂಜೆ ಎರಡು ಸ್ಕೂಪ್. "ಎಲ್ಲರಿಗೂ ಇದೇ ಡೋಸ್ ಮೇಡಂ, ಏನೂ ಆಗಲ್ಲ" ಅಂದರು.

ನನಗೆ ಆಯಿತು. ಒಂದು ಲೋಟ ಕುಡಿದು ಸ್ವಲ್ಪ ಹೊತ್ತಿಗೇ ಹೊಟ್ಟೆ ಉಬ್ಬರಿಸಿ ಗುಡುಗುಡು ಅನ್ನುತ್ತಿತ್ತು, ಆಮೇಲೆ ನೀರಿನಂಥ ಭೇದಿ. ಲೋಟದ ತಳದಲ್ಲಿ ಕರಗದ ಬಿಳಿ ಪುಡಿ ಮರಳಿನ ಹಾಗೆ ಕೂತಿರುತ್ತಿತ್ತು, ಅದನ್ನೂ ನೀರು ಹಾಕಿ ಅಲ್ಲಾಡಿಸಿ ಕುಡಿಯಿರಿ ಎಂದು ಹೇಳಿದ್ದರು. ಗಂಡನಿಗೆ ಅದೇ ಅಳತೆಯಲ್ಲಿ ಯಾವ ತೊಂದರೆಯೂ ಇಲ್ಲ. ಹಾಗಾಗಿ ಎಲ್ಲರೂ ನನ್ನ ಹೊಟ್ಟೆಯೇ ಸೂಕ್ಷ್ಮ ಅಂದುಬಿಟ್ಟರು. ತೊಂದರೆ ಇದ್ದದ್ದು ಹೊಟ್ಟೆಯಲ್ಲಲ್ಲ, ಅಳತೆಯಲ್ಲಿ.

ಲೋಡಿಂಗ್‌ಗೆ ಸಾಮಾನ್ಯವಾಗಿ ಬಳಸುವ ಲೆಕ್ಕ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.3 ಗ್ರಾಂ, ಅದೂ ನಾಲ್ಕು ಸಲಕ್ಕೆ ಹಂಚಿ, ಐದರಿಂದ ಏಳು ದಿನ ಮಾತ್ರ. ನನ್ನ ತೂಕಕ್ಕೆ ಅದು ಸುಮಾರು 14 ಗ್ರಾಂ, ಒಂದು ಸಲಕ್ಕೆ ಮೂರೂವರೆ ಗ್ರಾಂ. ನಾನು ಒಂದೇ ಸಲಕ್ಕೆ 10 ಗ್ರಾಂ ಕುಡಿಯುತ್ತಿದ್ದೆ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಕರುಳು ಹೀರಿಕೊಳ್ಳದೆ ಉಳಿದ ಪುಡಿ ನೀರನ್ನು ತನ್ನತ್ತ ಎಳೆಯುತ್ತದೆ, ಭೇದಿ ಬರುವುದು ಹಾಗೆ. ಅದೇ ಲೆಕ್ಕದಲ್ಲಿ ಗಂಡನಿಗೆ ದಿನಕ್ಕೆ 29 ಗ್ರಾಂ ಬೇಕಿತ್ತು. ಅಂದರೆ 20 ಗ್ರಾಂ ಅವರಿಗೆ ಕಡಿಮೆಯೇ, ನನಗೆ ಅತಿ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ: ಲೋಡಿಂಗ್ ಕಡ್ಡಾಯವೇ ಅಲ್ಲ. ದಿನಕ್ಕೆ 3 ಗ್ರಾಂನಂತೆ ತೆಗೆದುಕೊಂಡರೂ ನಾಲ್ಕು ವಾರಗಳಲ್ಲಿ ಸ್ನಾಯುವಿನ ಸಂಗ್ರಹ ಹೆಚ್ಚುಕಮ್ಮಿ ಅಷ್ಟೇ ತುಂಬುತ್ತದೆ. 1996ರಲ್ಲೇ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿದೆ. ಲೋಡಿಂಗ್‌ನಿಂದ ಉಳಿಯುವುದು ಮೂರು ವಾರ ಸಮಯ, ಅಷ್ಟೆ. ಚಿಕ್ಕ ದೇಹದವರು ಅದಕ್ಕಾಗಿ ಹೊಟ್ಟೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಲೋಡಿಂಗ್ ಮುಗಿದ ಮೇಲಿನ ದಿನದ ಅಳತೆಗೂ ತೂಕಕ್ಕೂ ಸಂಬಂಧ ಇದೆ. 70 ಕೆಜಿ ಗಂಡಸಿನ ದೇಹದಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಬಹುಪಾಲು ಸ್ನಾಯುವಿನಲ್ಲಿ. ಅದರಲ್ಲಿ ದಿನಕ್ಕೆ ಸುಮಾರು 2 ಗ್ರಾಂ ಕ್ರಿಯೇಟಿನೈನ್ ಎಂಬ ತ್ಯಾಜ್ಯವಾಗಿ ಮೂತ್ರದಲ್ಲಿ ಹೋಗುತ್ತದೆ. ನಾವು ತುಂಬಬೇಕಾದದ್ದು ಆ ನಷ್ಟವನ್ನು. ಸ್ನಾಯು ಕಡಿಮೆ ಇದ್ದಷ್ಟೂ ನಷ್ಟ ಕಡಿಮೆ. ಕೆಜಿಗೆ 0.03 ಗ್ರಾಂ ಲೆಕ್ಕ ಹಿಡಿದರೆ ನನಗೆ ಒಂದೂವರೆ ಗ್ರಾಂ ಕೂಡ ಆಗುವುದಿಲ್ಲ, ಗಂಡನಿಗೆ ಸುಮಾರು 3 ಗ್ರಾಂ. ಎಲ್ಲರಲ್ಲೂ ಹೀರಿಕೆ ಒಂದೇ ಸಮ ಇರುವುದಿಲ್ಲವಾದ್ದರಿಂದ ತುಸು ಹೆಚ್ಚಿಟ್ಟುಕೊಳ್ಳುವುದು ವಾಡಿಕೆ: ನನ್ನಂಥವರಿಗೆ 3 ಗ್ರಾಂ ಧಾರಾಳ, ಅವರಂಥವರಿಗೆ 5 ಗ್ರಾಂ, ತುಂಬಾ ಸ್ನಾಯು ಇರುವ ಭಾರಿ ಆಟಗಾರರು ಅದಕ್ಕಿಂತ ಹೆಚ್ಚೂ ತೆಗೆದುಕೊಳ್ಳುತ್ತಾರೆ. ಇಲ್ಲಿ ಒಂದು ಮಾತು ಗಮನಿಸಿ. 98 ಕೆಜಿಯಲ್ಲಿ ಹೆಚ್ಚಿನದು ಕೊಬ್ಬಾಗಿದ್ದರೆ ಈ ಲೆಕ್ಕ ಅಳತೆಯನ್ನು ಸುಮ್ಮನೆ ಹಿಗ್ಗಿಸುತ್ತದೆ, ಯಾಕೆಂದರೆ ಕ್ರಿಯೇಟಿನ್ ಕೂರುವುದು ಕೊಬ್ಬಿನಲ್ಲಲ್ಲ.

ಸ್ಕೂಪನ್ನೂ ನಂಬಬೇಡಿ. ನಮ್ಮ ಡಬ್ಬದ ಸ್ಕೂಪ್ 5 ಗ್ರಾಂನದು, ಆದರೆ ಅದು ಮಟ್ಟಸವಾಗಿ ತುಂಬಿದರೆ ಮಾತ್ರ. ಗೋಪುರ ಕಟ್ಟಿ ತುಂಬಿ ಚಿಕ್ಕ ತಕ್ಕಡಿಯಲ್ಲಿಟ್ಟಾಗ 7 ಗ್ರಾಂ ದಾಟಿತ್ತು. ಹಾಗಾದರೆ ಆ ವಾರ ನನ್ನ ಹೊಟ್ಟೆಗೆ ದಿನಕ್ಕೆ 20 ಗ್ರಾಂಗಿಂತಲೂ ಹೆಚ್ಚೇ ಹೋಗಿರಬೇಕು.

ಆ ವಾರ ತೂಕ ಒಂದು ಕೆಜಿಗೂ ಮೀರಿ ಏರಿತು. ಅದು ಕೊಬ್ಬಲ್ಲ, ಸ್ನಾಯುವಿನೊಳಗೆ ನಿಲ್ಲುವ ನೀರು. ಆಮೇಲೆ ಬೇರೆ ಕಾರಣಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನೈನ್ ಮಿತಿ ದಾಟಿ ಬಂತು, ಕಿಡ್ನಿಗೇನಾಯಿತೋ ಎಂದು ಮನೆಯವರೆಲ್ಲ ಕಂಗಾಲಾದರು. ಪುಡಿಯ ವಿಷಯ ಹೇಳಿದ ಮೇಲೆ ವೈದ್ಯರು ಅದನ್ನು ನಿಲ್ಲಿಸಲು ಹೇಳಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರು, ಜೊತೆಗೆ ಕಿಡ್ನಿಯ ಕೆಲಸ ತಿಳಿಸುವ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಕೂಡ ನೋಡಿದರು. ಎರಡೂ ಸರಿಯಾಗಿದ್ದವು. ಕ್ರಿಯೇಟಿನ್ ತಿನ್ನುವವರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಆ ಅಂಕಿ ಏರಬಹುದು. ಆದ್ದರಿಂದ ಪರೀಕ್ಷೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಕಿಡ್ನಿ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲುಣಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬೇಡಿ.

ಈಗ ನಾನು ತಕ್ಕಡಿಯಲ್ಲಿ ತೂಗಿ 3 ಗ್ರಾಂ ಊಟದ ಜೊತೆ ತೆಗೆದುಕೊಳ್ಳುತ್ತೇನೆ, ಗಂಡ 5 ಗ್ರಾಂ. ಹೊಟ್ಟೆಯ ತಕರಾರು ಮತ್ತೆ ಬಂದಿಲ್ಲ. ಟ್ರೈನರ್ ನಿಮ್ಮ ತೂಕ ಕೇಳದೆ ಡೋಸ್ ಹೇಳಿದರೆ ಅದನ್ನು ಕುಡಿಯಬೇಡಿ.