ಪ್ಲಗ್ ಚಿಹ್ನೆ ನಂಬಿ ಮೀಟಿಂಗ್ ಮಧ್ಯೆ ಲ್ಯಾಪ್‌ಟಾಪ್ ಆಫ್ ಮಾಡಿಕೊಂಡ ಕಥೆ

ಕಳೆದ ತಿಂಗಳು ಸಾಗರದ ಹತ್ತಿರದ ನಮ್ಮ ಊರಿಗೆ ಮದುವೆಗೆ ಹೋಗಿದ್ದೆ. ನಾಲ್ಕು ದಿನ ಅಲ್ಲಿಂದಲೇ ಕೆಲಸ ಮಾಡುವುದು ಅಂತ ಮಾತಾಗಿತ್ತು. ಬಸ್ಸು ತುಮಕೂರು ದಾಟಿದ ಮೇಲೆ ನೆನಪಾಯಿತು, ಲ್ಯಾಪ್‌ಟಾಪಿನ 65 ವಾಟ್ ಚಾರ್ಜರ್ ಬೆಂಗಳೂರಿನ ಮನೆಯ ಗೋಡೆಯಲ್ಲೇ ನೇತಾಡುತ್ತಿದೆ. ಬ್ಯಾಗಿನಲ್ಲಿ ಇದ್ದದ್ದು ಟ್ಯಾಬ್‌ಗೆ ಅಂತ ಇಟ್ಟುಕೊಂಡಿದ್ದ 30 ವಾಟ್ ಚಾರ್ಜರ್. ಅದೂ ಯುಎಸ್‌ಬಿ-ಸಿ, ಇದೂ ಯುಎಸ್‌ಬಿ-ಸಿ. ನಡೆಯುತ್ತೆ ಬಿಡು ಅಂದುಕೊಂಡೆ.

ಎರಡು ದಿನ ನಿಜಕ್ಕೂ ನಡೆಯಿತು. ಅದೇ ನನ್ನನ್ನು ಹಾಳು ಮಾಡಿದ್ದು.

ಜಗಲಿಯಲ್ಲಿ ಕೂತು ಮೇಲ್ ಓದುವುದು, ಡಾಕ್ಯುಮೆಂಟ್ ಬರೆಯುವುದು, ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್. ನನ್ನ 14 ಇಂಚಿನ ಲ್ಯಾಪ್‌ಟಾಪ್ ಇಂಥ ಕೆಲಸಕ್ಕೆ ತಿನ್ನುವುದು ಬರೀ 8–10 ವಾಟ್. ಚಾರ್ಜರ್ ಕೊಡುವುದರಲ್ಲಿ ಉಳಿದದ್ದು ಬ್ಯಾಟರಿಗೆ ಹೋಗುತ್ತದೆ. ರಾತ್ರಿ ಆಫ್ ಮಾಡಿ ಸಿಕ್ಕಿಸಿಟ್ಟರೆ ಬೆಳಗ್ಗೆ ಪೂರ್ತಿ ತುಂಬಿರುತ್ತಿತ್ತು. ಸಿಕ್ಕಿಸಿದಾಗ ‘ಸ್ಲೋ ಚಾರ್ಜರ್’ ಅಂತ ಒಂದು ಸೂಚನೆ ಬಂದಿತ್ತು. ನಿಧಾನ ತಾನೇ, ಆಗಲಿ, ಅವಸರ ಏನಿದೆ ಅಂತ ಅದನ್ನು ಒರೆಸಿ ಹಾಕಿದ್ದೆ.

ಮೂರನೇ ದಿನ ಹತ್ತೂವರೆಗೆ ಕ್ಲೈಂಟ್ ಜೊತೆ ಡೆಮೊ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಚಾರ್ಜ್‌ಗೆ ಹಾಕಲು ಆಗಿರಲಿಲ್ಲ. ಶುರುವಾಗುವಾಗ ಬ್ಯಾಟರಿ 46 ಶೇಕಡಾ. ಚಾರ್ಜರ್ ಸಿಕ್ಕಿಸಿಯೇ ಇದ್ದೇನಲ್ಲ ಅಂತ ಧೈರ್ಯ. ಮೂಲೆಯಲ್ಲಿ ಪ್ಲಗ್ ಚಿಹ್ನೆ ಕಾಣುತ್ತಿತ್ತು. ಕ್ಯಾಮೆರಾ ಆನ್, ಸ್ಕ್ರೀನ್ ಶೇರ್, ಹಿಂದೆ ಒಂದು ಬಿಲ್ಡ್, ಅಂದರೆ ಬರೆದ ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಕೆಲಸ, ಓಡುತ್ತಿದೆ, ಬಿಸಿಲಿಗೆ ಪರದೆಯ ಬೆಳಕು ಪೂರ್ತಿ. ಇದೆಲ್ಲ ಸಾಲದು ಅಂತ ನೆಟ್‌ಗಾಗಿ ಫೋನನ್ನು ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೇ ಸಿಕ್ಕಿಸಿದ್ದೆ. ಫೋನ್ ಸುಮ್ನೆ ನೆಟ್ ಕೊಡುವುದಿಲ್ಲ, ಲ್ಯಾಪ್‌ಟಾಪಿನಿಂದ ತಾನೂ ಚಾರ್ಜ್ ಎಳೆದುಕೊಳ್ಳುತ್ತದೆ. ಅದು ಆಗ ತಲೆಗೆ ಹೊಳೆಯಲೇ ಇಲ್ಲ.

ಮೊದಲು ಕಂಡದ್ದು ನಿಧಾನ. ನಾಲ್ಕು ನಿಮಿಷದಲ್ಲಿ ಮುಗಿಯುವ ಬಿಲ್ಡ್ ಹತ್ತು ನಿಮಿಷವಾದರೂ ಮುಗಿಯಲಿಲ್ಲ. ವಿಚಿತ್ರ ಏನೆಂದರೆ ಫ್ಯಾನ್ ಸದ್ದೇ ಇಲ್ಲ. ಬಿಸಿಯಾಗಿ ನಿಧಾನವಾದರೆ ಫ್ಯಾನ್ ಕೂಗುತ್ತದೆ, ಅಲ್ವಾ? ಇಲ್ಲಿ ತಣ್ಣಗಿದ್ದೂ ನಿಧಾನ. ಟಾಸ್ಕ್ ಮ್ಯಾನೇಜರ್ ತೆರೆದರೆ, ಸಾಮಾನ್ಯವಾಗಿ 3 ಗಿಗಾಹರ್ಟ್ಸ್ ಮೇಲೆ ಓಡುವ ಪ್ರೊಸೆಸರ್ 1.2ರಲ್ಲಿ ತೆವಳುತ್ತಿದೆ. ಸಿಕ್ಕಿಸಿದ ಕೂಡಲೇ ಚಾರ್ಜರ್ ‘ನನ್ನ ಹತ್ತಿರ ಇರುವುದು ಇಷ್ಟೇ’ ಅಂತ ಲ್ಯಾಪ್‌ಟಾಪಿಗೆ ಹೇಳಿರುತ್ತದೆ. ಅದನ್ನು ನೋಡಿಕೊಂಡು ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಮೂಗುದಾರ ಹಾಕುತ್ತದೆ. ಅಷ್ಟು ಹಿಡಿದಿಟ್ಟರೂ ಸಾಲದೆ ಬಂದದ್ದನ್ನು ಬ್ಯಾಟರಿಯಿಂದ ಎತ್ತಿಕೊಳ್ಳುತ್ತದೆ, ಯಾರಿಗೂ ಹೇಳದೆ.

ಹನ್ನೊಂದೂಕಾಲಿಗೆ ನೋಡುತ್ತೇನೆ, ಬ್ಯಾಟರಿ 19. ಪ್ಲಗ್ ಚಿಹ್ನೆ ಮಾತ್ರ ಹಾಗೇ ಇದೆ!

ಒಳಗೆ ಬಂದ ಅಕ್ಕನ ಮಗ ನನ್ನ ಮುಖ ನೋಡಿ ಹೇಳಿದ: “ಮಾವ, ನನ್ನ ಫೋನ್ ಚಾರ್ಜರ್ ತಗೊ. ಅರವತ್ತೇಳು ವಾಟ್ ಇದೆ.” ಮೂವತ್ತಕ್ಕಿಂತ ಅರವತ್ತೇಳು ದೊಡ್ಡದು ಅನ್ನುವುದಕ್ಕೆ ಯಾರನ್ನು ಕೇಳಬೇಕು? ಬದಲಾಯಿಸಿದೆ. ಹತ್ತು ನಿಮಿಷ ಕಳೆಯುವುದರೊಳಗೆ, ಕ್ಲೈಂಟ್ ಪ್ರಶ್ನೆ ಕೇಳುತ್ತಿರುವಾಗಲೇ, ಪರದೆ ಕಪ್ಪಾಯಿತು.

ಆಮೇಲೆ ಆ ಚಾರ್ಜರಿನ ಬೆನ್ನಿನ ಸಣ್ಣಕ್ಷರವನ್ನು ಫೋನ್ ಟಾರ್ಚ್ ಹಾಕಿ ಓದಿದೆವು. 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, ಕೊನೆಯಲ್ಲಿ 11 ವೋಲ್ಟ್ 6.1 ಆಂಪ್. ಈ ಕೊನೆಯದನ್ನು ಗುಣಿಸಿದರೆ 67. ಆದರೆ ಆ 11 ವೋಲ್ಟ್ ಅವರದೇ ಕಂಪನಿಯ ಫೋನು, ಅವರದೇ ಕೇಬಲ್ಲು ಇದ್ದಾಗ ಮಾತ್ರ. ಲ್ಯಾಪ್‌ಟಾಪ್‌ಗಳು ಮಾತಾಡುವುದು ಪವರ್ ಡೆಲಿವರಿ, ಅಂದರೆ ಪಿಡಿ ಅನ್ನುವ ಸಾಮಾನ್ಯ ಭಾಷೆ. ಅದರ ಮಾಮೂಲಿ ಮೆಟ್ಟಿಲುಗಳು 5, 9, 15, 20 ವೋಲ್ಟ್. ಸಾಲದ್ದಕ್ಕೆ ಆ ಚಾರ್ಜರಿನ ಬಾಯಿ ಹಳೇ ಅಗಲದ ಯುಎಸ್‌ಬಿ. ಆ ಕಡೆಯಿಂದ ಬರುವ ಕೇಬಲ್‌ನಲ್ಲಿ ಪಿಡಿ ಮಾತುಕತೆಯೇ ನಡೆಯುವುದಿಲ್ಲ. ನನ್ನ ಲ್ಯಾಪ್‌ಟಾಪ್ ಅದರಿಂದ ಏನೂ ತೆಗೆದುಕೊಂಡಿರಲಿಲ್ಲ. ಸಾಲದಿದ್ದರೂ ಏನೋ ಕೊಡುತ್ತಿದ್ದ 30 ವಾಟ್ ಚಾರ್ಜರನ್ನು ಕಿತ್ತು ನಾನೇ ಲ್ಯಾಪ್‌ಟಾಪಿನ ಕತ್ತು ಹಿಸುಕಿದ್ದೆ.

ನನ್ನ 30 ವಾಟ್ ಚಾರ್ಜರಿನ ಮೇಲೆ 20 ವೋಲ್ಟ್ 1.5 ಆಂಪ್ ಅಂತ ಇದೆ. ಮುಂದೆ ಬರೆದ ದೊಡ್ಡ ಸಂಖ್ಯೆ ಬಿಡಿ, ನೀವು ಹುಡುಕಬೇಕಾದದ್ದು ಹಿಂದಿರುವ ಈ ಸಾಲು. 20 ವೋಲ್ಟ್ ಇರದ ಚಾರ್ಜರನ್ನು ಕೆಲವು ಲ್ಯಾಪ್‌ಟಾಪ್ ಒಪ್ಪುತ್ತವೆ, ಕೆಲವು ಮೂಸಿಯೂ ನೋಡುವುದಿಲ್ಲ.

ಇನ್ನೊಂದು ಪೆಟ್ಟು ಬಾಕಿ ಇತ್ತು. ಪೂರ್ತಿ ಸತ್ತ ಬ್ಯಾಟರಿಯ ಮೇಲೆ 30 ವಾಟ್ ಚಾರ್ಜರ್ ಸಿಕ್ಕಿಸಿ ಬಟನ್ ಒತ್ತಿದರೆ ಲ್ಯಾಪ್‌ಟಾಪ್ ಏಳಲೇ ಇಲ್ಲ. ಆನ್ ಆಗುವ ಹೊತ್ತಿಗೆ ಒಮ್ಮೆಲೇ ಜಾಸ್ತಿ ಪವರ್ ಬೇಕು, ಅದಕ್ಕೆ ಬ್ಯಾಟರಿಯ ಆಸರೆ ಬೇಕೇ ಬೇಕು. ದೀಪ ಮಿಣುಕುತ್ತಾ ಇಪ್ಪತ್ತು ನಿಮಿಷ ಕಾಯಿಸಿತು. ಅಷ್ಟರಲ್ಲಿ ಮೀಟಿಂಗ್ ಮುಗಿದಿತ್ತು.

ಮಾರನೇ ದಿನ ಹಟಕ್ಕೆ ಬಿದ್ದು ಅದೇ ಕೆಲಸಗಳನ್ನೆಲ್ಲ ಮತ್ತೆ ಓಡಿಸಿ ಅಳೆದೆ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಇದನ್ನು ಕೊಟ್ಟರೆ ಸಾಕು:

```
Get-CimInstance -Namespace root/wmi -ClassName BatteryStatus
```

ನನಗೆ ಬಂದ ಉತ್ತರದಲ್ಲಿ ಈ ಮೂರು ಸಾಲು ನೋಡಿ:

```
Discharging   : True
DischargeRate : 11480
PowerOnline   : True
```

ಚಾರ್ಜರ್ ಸಿಕ್ಕಿಸಿದೆ, ಬ್ಯಾಟರಿಯೂ ಖಾಲಿಯಾಗುತ್ತಿದೆ, ಎರಡೂ ಒಟ್ಟಿಗೆ ನಿಜ. ಸಂಖ್ಯೆ ಮಿಲಿವಾಟ್‌ನಲ್ಲಿದೆ, ಅಂದರೆ ಸುಮಾರು ಹನ್ನೊಂದೂವರೆ ವಾಟ್ ಕೊರತೆ. ಫೋನ್ ಕೇಬಲ್ ಸಿಕ್ಕಿಸಿದ ಕೂಡಲೇ ಅದು 18 ವಾಟ್ ಹತ್ತಿರ ಹೋಯಿತು. ನನ್ನ ಬ್ಯಾಟರಿ 50 ವಾಟ್-ಅವರ್. ಅದರ 46 ಶೇಕಡಾ ಅಂದರೆ 23. ಹನ್ನೊಂದೂವರೆ ಕೊರತೆಯಿದ್ದರೆ ಎರಡು ಗಂಟೆ ಬರುತ್ತಿತ್ತು, ಮೀಟಿಂಗ್ ದಾಟುತ್ತಿತ್ತು. ಹದಿನೆಂಟಕ್ಕೆ ಒಂದೂಕಾಲು ಗಂಟೆಯೂ ಕಷ್ಟ. ಫೋನನ್ನು ಕೇಬಲ್ ಬಿಟ್ಟು ಹಾಟ್‌ಸ್ಪಾಟ್‌ನಲ್ಲಿ ಹಾಕಿಕೊಂಡಿದ್ದರೆ ಸಾಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಸಾಲುಗಳನ್ನು ನೋಡುತ್ತಲೇ ಒಂದೊಂದಾಗಿ ತೆಗೆಯುತ್ತಾ ಬಂದೆ. ಬಿಲ್ಡ್ ನಿಲ್ಲಿಸಿದಾಗ ಕೊರತೆ ಬಹುಪಾಲು ಮಾಯವಾಯಿತು. ಬೆಳಕು ಅರ್ಧಕ್ಕೆ ಇಳಿಸಿದರೆ ಇನ್ನೆರಡು ವಾಟ್. ಕ್ಯಾಮೆರಾ ಆಫ್ ಮಾಡಿ, ಪವರ್ ಮೋಡನ್ನು ಉಳಿತಾಯದ ಕಡೆಗೆ ತಿರುಗಿಸಿದ ಮೇಲೆ Charging ಮುಂದೆ True ಬಂತು. ಅಂದರೆ ಬರೀ ಮಾತಿನ ಮೀಟಿಂಗ್ 30 ವಾಟ್‌ನಲ್ಲಿ ದಾಟುತ್ತದೆ. ವಿಡಿಯೋ ಎಡಿಟಿಂಗ್, ಬಿಲ್ಡ್, ಗೇಮ್ ದಾಟುವುದಿಲ್ಲ.

ಬೆಂಗಳೂರಿಗೆ ಬಂದು 65 ವಾಟ್‌ನ ಎರಡು ಬಾಯಿಯ ಚಾರ್ಜರ್ ಕೊಂಡೆ, ಇನ್ನು ಫೋನಿಗೂ ಲ್ಯಾಪ್‌ಟಾಪಿಗೂ ಇದೊಂದೇ ಸಾಕು ಅಂತ. ಮೊದಲ ದಿನವೇ ಎರಡನೇ ಬಾಯಿಗೆ ಫೋನ್ ಸಿಕ್ಕಿಸಿದೆ. ಲ್ಯಾಪ್‌ಟಾಪಿನ ಚಾರ್ಜಿಂಗ್ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು, ಜೊತೆಗೆ ಅದೇ ಹಳೇ ‘ಸ್ಲೋ ಚಾರ್ಜರ್’ ಸೂಚನೆ. ತಿರುಗಿಸಿ ಸಣ್ಣಕ್ಷರ ಓದಿದೆ: ಒಂದೇ ಬಾಯಿ ಬಳಸಿದರೆ 65, ಎರಡೂ ಬಳಸಿದರೆ 45 ಮತ್ತು 20. ಈ ಸಲ ಸೂಚನೆಯನ್ನು ಒರೆಸಿ ಹಾಕಲಿಲ್ಲ. ಫೋನ್ ಕಿತ್ತೆ.