ಗೋಡೆಯ ತೇವಕ್ಕೆ ಯಾವುದು: ಇಂಜೆಕ್ಷನ್ನಾ, ಹೊರಗಿನ ರಿಪೇರಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊರಗಿನ ರಿಪೇರಿಗೆ. ಉಡುಪಿ ಕಡೆಯ ನಮ್ಮ ಹಳೆ ಕೆಂಪುಕಲ್ಲಿನ ಮನೆಯಲ್ಲಿ ಎರಡನ್ನೂ ಮಾಡಿಸಿದ್ದೇವೆ, ಒಂದೊಂದು ಗೋಡೆಗೆ ಒಂದೊಂದು. ಇಂಜೆಕ್ಷನ್ ಅಂದರೆ ಗೋಡೆಯ ಬುಡದಲ್ಲಿ ತೂತು ಕೊರೆದು, ನೆಲದ ನೀರು ಮೇಲೇರದಂತೆ ತಡೆಯುವ ಕ್ರೀಮ್ ತುಂಬಿ ಒಂದು ಪದರ ಮಾಡುವುದು. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯುವುದನ್ನು ಲೆಕ್ಕಕ್ಕೇ ತಗೊಂಡಿಲ್ಲ. ನೀರು ಒಳಗೇ ಉಳಿದು ಪೇಂಟ್ ಬೊಬ್ಬೆ ಏಳುತ್ತದೆ, ಅಷ್ಟೇ.

ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆಗೆ ಮಳೆ ತಾಗುವ ಮಾತೇ ಇಲ್ಲ, ಪೈಪೂ ಹೋಗಿಲ್ಲ. ಆದರೂ ನೆಲದಿಂದ ಮೊಣಕಾಲೆತ್ತರದವರೆಗೆ ಒದ್ದೆ, ಮೇಲಂಚು ಹೆಚ್ಚುಕಡಿಮೆ ನೇರ ಗೆರೆ, ಗೆರೆಯಲ್ಲಿ ಬಿಳಿ ಉಪ್ಪು, ಏಪ್ರಿಲ್‌ನಲ್ಲೂ ಹಾಗೇ. ಇದು ನೆಲದಿಂದ ಏರುವ ತೇವ. ಪಶ್ಚಿಮದ ಗೋಡೆಯ ಕಥೆ ಬೇರೆ. ಕಿಟಕಿಯ ಕೆಳಮೂಲೆಯಲ್ಲಿ ಜೂನ್‌ಗೆ ಮಚ್ಚೆ ಬಂದು ಡಿಸೆಂಬರ್ ಹೊತ್ತಿಗೆ ಒಣಗುತ್ತಿತ್ತು. ಅದು ಮಳೆ ನೀರು, ಅನುಮಾನವೇ ಬೇಡ.

ತಲೆಬಿಸಿ ಆಗಿದ್ದು ಅದೇ ಪಶ್ಚಿಮದ ಗೋಡೆಯ ಬುಡದಲ್ಲಿ. ಅಲ್ಲೂ ನೆಲದ ಹತ್ತಿರ ಒದ್ದೆ, ಅಲ್ಲೂ ಉಪ್ಪು. ನೋಡಲು ಬಂದವರು ತೇವ ಅಳೆಯುವ ಮೀಟರ್ ಇಟ್ಟರು, ಅದು ಕೀಕೀ ಅಂದಿತು, ಮನೆಪೂರ್ತಿ ಇಂಜೆಕ್ಷನ್‌ಗೆ ಕೊಟೇಶನ್ ಕೊಟ್ಟರು. ಆದರೆ ಗೋಡೆಯಲ್ಲಿ ಉಪ್ಪಿದ್ದರೆ ನೀರು ಕಮ್ಮಿ ಇದ್ದರೂ ಆ ಮೀಟರ್ ಜಾಸ್ತಿ ತೋರಿಸುತ್ತದೆ. ಹೊರಗೆ ಹೋಗಿ ನೋಡಿದರೆ ಕಾರಣ ಕಾಲಡಿಯಲ್ಲೇ ಇತ್ತು: ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಮಣ್ಣು ತುಂಬಿಸಿ ನೆಲ ಎತ್ತರಿಸಿದ್ದರು, ಒಳಗಿನ ನೆಲಕ್ಕೆ ಹೆಚ್ಚುಕಡಿಮೆ ಸಮವಾಗಿಬಿಟ್ಟಿತ್ತು. ಹೊರನೆಲ ಕನಿಷ್ಠ 6 ಇಂಚು ತಗ್ಗಿರಬೇಕು. ಇಲ್ಲದಿದ್ದರೆ ತೇವದ ಮಣ್ಣು ಗೋಡೆಗೇ ಒರಗಿ ಕೂರುತ್ತದೆ, ಇಂಟರ್‌ಲಾಕ್ ಮೇಲೆ ಬಿದ್ದ ಮಳೆಯೂ ಗೋಡೆಗೇ ಎರಚುತ್ತದೆ. ಅಂಥ ಗೋಡೆಗೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಪ್ರಯೋಜನ ಇಲ್ಲ, ಅಲ್ವಾ? ನೀರು ಇಂಜೆಕ್ಷನ್‌ನ ಪದರದ ಮೇಲಿನಿಂದಲೇ ಒಳಗೆ ಬರುತ್ತದೆ.

ಗೋಡೆಯುದ್ದಕ್ಕೂ ಒಂದಡಿ ಅಗಲಕ್ಕೆ ಇಂಟರ್‌ಲಾಕ್ ಕಿತ್ತು, ಮಣ್ಣು ತಗ್ಗಿಸಿ, ಜಲ್ಲಿ ಹಾಕಿ, ನೀರು ಚರಂಡಿಗೆ ಹೋಗುವಂತೆ ಇಳಿಜಾರು ಕೊಡಿಸಿದೆವು. ಕಿಟಕಿ ಕೆಳಗಿನ ಬಿರುಕು ತುಂಬಿಸಿ, ಹೊರಚಾಚಿದ ಅಂಚಿನ ತಳದಲ್ಲಿ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುವಂತೆ ಸಣ್ಣ ತೋಡಿನಂಥ ಗೀರು ಕೊರೆಸಿದೆವು. ಮುಂದಿನ ಮಳೆಗಾಲಕ್ಕೆ ಮೇಲಿನ ಮಚ್ಚೆ ಬರಲಿಲ್ಲ. ಬುಡ ಮಾತ್ರ ನಿಧಾನಕ್ಕೆ ಒಣಗಿತು.

ನಡುಗೋಡೆಗೆ ಇಂಜೆಕ್ಷನ್ನೇ ಸರಿ. ನೆಲದ ಹತ್ತಿರದ ಗಾರೆಯ ಸಾಲಿನಲ್ಲಿ 12 ಮಿ.ಮೀ. ತೂತುಗಳನ್ನು ನಾಲ್ಕೈದು ಇಂಚಿಗೊಂದರಂತೆ ಕೊರೆದು ಕ್ರೀಮ್ ತುಂಬುತ್ತಾರೆ. ಮನೆಯೆಲ್ಲ ಧೂಳು. ಅದಾದ ಮೇಲೂ ಹಳೆ ಪ್ಲಾಸ್ಟರ್‌ನ ಉಪ್ಪು ಹೋಗುವುದಿಲ್ಲ, ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಗೆರೆಯ ಮೇಲೆ ಒಂದಡಿಯವರೆಗೆ ಕೆತ್ತಿ ತೆಗೆದು, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಹಾಕಿಸಬೇಕು.

ಖರ್ಚಾಗಿದ್ದು ಇಂಜೆಕ್ಷನ್‌ಗೇ ಜಾಸ್ತಿ. ಕೈ ಬಿಗಿ ಇರುವ ನನ್ನಂಥವರು ಮೊದಲು ಗುದ್ದಲಿಯವರನ್ನು ಕರೆಸಿ, ಒಂದು ಮಳೆಗಾಲ ಕಾದು, ಆಮೇಲೂ ಗೆರೆ ಏರಿದರೆ ಡ್ರಿಲ್‌ನವರಿಗೆ ಫೋನ್ ಮಾಡಿ.